ಬಾಸ್ ಹೆಸರಲ್ಲಿ ಬರುವ ಅರ್ಜೆಂಟ್ ಮೆಸೇಜ್: ಗಿಫ್ಟ್ ಕಾರ್ಡ್ ಕೇಳುವ ಮೋಸವನ್ನು ಹಿಡಿಯುವುದು ಹೇಗೆ

"ಬಿಡುವಾಗಿದ್ದೀರಾ? ಒಂದು ಸಣ್ಣ ಕೆಲಸ ಇತ್ತು."

ಈ ಮೋಸದ ಮೊದಲ ಮೆಸೇಜ್ ಹೆಚ್ಚಾಗಿ ಇಷ್ಟೇ ಇರುತ್ತದೆ. ಲಿಂಕ್ ಇಲ್ಲ, ಅಟ್ಯಾಚ್‌ಮೆಂಟ್ ಇಲ್ಲ, ದುಡ್ಡಿನ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ ಸ್ಪ್ಯಾಮ್ ಫಿಲ್ಟರ್‌ಗೆ ಹಿಡಿಯೋದಕ್ಕೆ ಏನೂ ಸಿಗುವುದಿಲ್ಲ, ಓದುವವರಿಗೂ ಅನುಮಾನ ಬರುವುದಿಲ್ಲ. ಕಳಿಸಿದವನಿಗೆ ಆ ಹೊತ್ತಿಗೆ ಬೇಕಾಗಿರುವುದು ಒಂದೇ: ನೀವು ಉತ್ತರ ಕೊಡುತ್ತೀರಾ ಇಲ್ಲವಾ ಅನ್ನುವುದು. "ಹೇಳಿ ಸರ್" ಅಂತ ನೀವು ಬರೆದ ಮೇಲೆ ನಿಜವಾದ ಆಟ ಶುರುವಾಗುತ್ತದೆ.

ನಾನು ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮತ್ತು ಮೇಲ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಇಂಥ ಮೆಸೇಜ್‌ಗಳನ್ನು ಜನ ನನಗೆ ತೋರಿಸುತ್ತಾರೆ, ಕೆಲವರು ಸಮಯಕ್ಕೆ ಸರಿಯಾಗಿ, ಕೆಲವರು ದುಡ್ಡು ಹೋದ ಮೇಲೆ. ಹಾಗೆ ತಡವಾಗಿ ಬಂದ ಒಬ್ಬಳ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಅವಳ ಚಾಟನ್ನು ಸಾಲು ಸಾಲಾಗಿ ಓದಿದರೆ ಈ ಮೋಸ ಹೇಗೆ ಕೆಲಸ ಮಾಡುತ್ತದೆ ಅಂತ ಪೂರ್ತಿ ಗೊತ್ತಾಗುತ್ತದೆ.

ಒಂದು ಚಾಟ್, ಮೊದಲಿನಿಂದ ಕೊನೆವರೆಗೆ

ಅವಳು ಕೆಲಸಕ್ಕೆ ಸೇರಿ ಮೂರು ವಾರ ಆಗಿತ್ತು. ಹೊಸ ಕೆಲಸ ಸಿಕ್ಕ ಖುಷಿಯನ್ನು ಆನ್‌ಲೈನ್‌ನಲ್ಲಿ ಹಾಕಿಕೊಂಡಿದ್ದಳು, ಕಂಪನಿ ಹೆಸರು, ಹುದ್ದೆ ಎಲ್ಲ ಸೇರಿಸಿ. ಅದರಲ್ಲಿ ತಪ್ಪೇನೂ ಇಲ್ಲ, ಎಲ್ಲರೂ ಹಾಕುತ್ತಾರೆ. ಆದರೆ ಮೋಸಗಾರರು ಹುಡುಕುವುದು ಇಂಥವರನ್ನೇ. ಹೊಸಬರಿಗೆ ಬಾಸ್ ಹೇಗೆ ಬರೆಯುತ್ತಾರೆ ಅಂತ ಗೊತ್ತಿರುವುದಿಲ್ಲ, ಆಫೀಸಿನಲ್ಲಿ ಖರ್ಚಿನ ವ್ಯವಹಾರ ಹೇಗೆ ನಡೆಯುತ್ತದೆ ಅಂತಲೂ ಗೊತ್ತಿರುವುದಿಲ್ಲ, ಒಳ್ಳೆ ಹೆಸರು ತಗೋಬೇಕು ಅನ್ನುವ ಆಸೆ ಮಾತ್ರ ಜೋರಾಗಿರುತ್ತದೆ. ಬಾಸ್ ಹೆಸರು, ಫೋಟೋ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ. ಹ್ಯಾಕ್ ಮಾಡುವ ಅಗತ್ಯವೇ ಇಲ್ಲ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಲ್ ಬಂತು. ಡೈರೆಕ್ಟರ್ ಹೆಸರು. "ಬಿಡುವಾಗಿದ್ದೀರಾ? ಒಂದು ಸಣ್ಣ ಕೆಲಸ ಇತ್ತು. ನಿಮ್ಮ ಮೊಬೈಲ್ ನಂಬರ್ ಕಳಿಸಿ." ಅವಳು ಕಳಿಸಿದಳು. ಎರಡು ನಿಮಿಷದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಹೊಸ ನಂಬರಿನಿಂದ ಮೆಸೇಜ್, ಡಿಪಿಯಲ್ಲಿ ಡೈರೆಕ್ಟರ್ ಫೋಟೋ. ಇಲ್ಲಿ ಒಂದು ವಿಷಯ ಗಮನಿಸಿ. ಮಾತನ್ನು ಆಫೀಸ್ ಮೇಲ್‌ನಿಂದ ಆಚೆ ಎಳೆದದ್ದು ಬೇಕೆಂದೇ. ಮೇಲ್‌ನಲ್ಲಿ ಇದ್ದರೆ ನನ್ನಂಥವರ ಕಣ್ಣಿಗೆ ಬೀಳಬಹುದು, ಫಿಲ್ಟರ್ ತಡೆಯಬಹುದು. ಅವಳ ಸ್ವಂತ ಫೋನಿನಲ್ಲಿ ಅವಳು ಒಬ್ಬಳೇ.

ಮುಂದಿನ ಮೆಸೇಜ್: "ನಾನು ಮೀಟಿಂಗ್‌ನಲ್ಲಿದ್ದೇನೆ, ಕಾಲ್ ತಗೊಳ್ಳೋಕೆ ಆಗಲ್ಲ. ಇಲ್ಲೇ ಮೆಸೇಜ್ ಮಾಡಿ." ಇಡೀ ಚಾಟಿನಲ್ಲಿ ಮೋಸಗಾರನಿಗೆ ಅತಿ ಮುಖ್ಯವಾದ ಸಾಲು ಇದು. ಫೋನ್ ಮಾಡಿದರೆ ಮೂವತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ, ಅದಕ್ಕೇ ಮೊದಲೇ ಆ ಬಾಗಿಲು ಮುಚ್ಚುತ್ತಾನೆ.

ಆಮೇಲೆ ಕೆಲಸ ಏನು ಅಂತ ಬಂತು. ಕೆಲವು ಗ್ರಾಹಕರಿಗೆ ಇವತ್ತೇ ಉಡುಗೊರೆ ಕೊಡಬೇಕು, ಗಿಫ್ಟ್ ಕಾರ್ಡ್ ಬೇಕು, ಐದು ಕಾರ್ಡ್ ತಗೊಳ್ಳಿ, ಸಂಜೆ ನಾನೇ ನಿಮ್ಮ ಖಾತೆಗೆ ಹಾಕ್ತೀನಿ, ಬಿಲ್ ಇಟ್ಟುಕೊಳ್ಳಿ, ಸರ್ಪ್ರೈಸ್ ಆದ್ದರಿಂದ ಯಾರಿಗೂ ಹೇಳಬೇಡಿ. "ಬಿಲ್ ಇಟ್ಟುಕೊಳ್ಳಿ" ಅನ್ನುವ ಮಾತೇ ತನ್ನನ್ನು ನಂಬಿಸಿತು ಅಂತ ಅವಳು ಆಮೇಲೆ ಹೇಳಿದಳು. ಮೋಸ ಮಾಡುವವರು ಬಿಲ್ ಕೇಳ್ತಾರಾ ಅಂತ ಅಂದುಕೊಂಡಳಂತೆ. ಕೇಳುತ್ತಾರೆ. ಲೆಕ್ಕ ಸರಿಯಾಗಿದೆ ಅನ್ನುವ ಭಾವನೆ ಬರಲಿ ಅಂತಲೇ ಕೇಳುತ್ತಾರೆ.

ಅವಳು ಊಟದ ಬಿಡುವಿನಲ್ಲಿ ಹೋಗಿ ತನ್ನ ದುಡ್ಡಿನಲ್ಲೇ ಐದು ಕಾರ್ಡ್ ತಂದಳು. "ಹಿಂದಿರುವ ಪಟ್ಟಿ ಕೆರೆದು, ನಂಬರ್ ಕಾಣೋ ಹಾಗೆ ಒಂದೊಂದರ ಫೋಟೋ ಕಳಿಸಿ, ನಾನು ಅವರಿಗೆ ನೇರವಾಗಿ ಕಳಿಸ್ತೀನಿ." ಕಳಿಸಿದಳು. ಹತ್ತು ನಿಮಿಷ ಬಿಟ್ಟು: "ತುಂಬಾ ಥ್ಯಾಂಕ್ಸ್. ಇನ್ನೂ ಐದು ಬೇಕಾಗಿದೆ, ಪಟ್ಟಿಯಲ್ಲಿ ಹೆಸರು ಜಾಸ್ತಿ ಆಯ್ತು." ಅವಳ ಖಾತೆಯಲ್ಲಿ ಅಷ್ಟು ಇರಲಿಲ್ಲ. ಇಷ್ಟರಲ್ಲಿ ಅವಳ ಸಂಬಳದ ಮೂರನೇ ಒಂದು ಪಾಲು ಹೋಗಿತ್ತು. ಸ್ನೇಹಿತೆಯಿಂದ ಸಾಲ ಕೇಳಿದಾಗ ಆ ಸ್ನೇಹಿತೆ "ನಿಮ್ಮ ಡೈರೆಕ್ಟರ್ ನಿನ್ನ ಹತ್ರ ಯಾಕೆ ದುಡ್ಡು ಕೇಳ್ತಾರೆ?" ಅಂತ ಕೇಳಿದಳು. ಅಲ್ಲಿ ಎಲ್ಲ ನಿಂತಿತು.

ಆ ಹೊತ್ತಿನಲ್ಲಿ ನಿಜವಾದ ಡೈರೆಕ್ಟರ್ ಅವಳ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದ ಕೋಣೆಯಲ್ಲೇ ಕೂತಿದ್ದರು.

ಗಿಫ್ಟ್ ಕಾರ್ಡೇ ಯಾಕೆ

ಗಿಫ್ಟ್ ಕಾರ್ಡಿನ ಬೆಲೆ ಇರುವುದು ಆ ಪ್ಲಾಸ್ಟಿಕ್‌ನಲ್ಲಿ ಅಲ್ಲ, ಅದರ ಮೇಲಿನ ನಂಬರ್ ಮತ್ತು ಪಟ್ಟಿಯ ಕೆಳಗೆ ಅಡಗಿರುವ ಕೋಡ್‌ನಲ್ಲಿ. ಕೋಡ್ ಯಾರ ಕೈಯಲ್ಲಿ ಇದೆಯೋ ದುಡ್ಡು ಅವರದು. ಹೆಸರಿಲ್ಲ, ಸಹಿ ಇಲ್ಲ, ಬ್ಯಾಂಕ್ ಖಾತೆ ಬೇಕಿಲ್ಲ. ಬ್ಯಾಂಕಿನ ಮೂಲಕ ಕಳಿಸಿದರೆ ಕೊನೇಪಕ್ಷ ಯಾವ ಖಾತೆಗೆ ಹೋಯಿತು ಅಂತ ಗೊತ್ತಿರುತ್ತದೆ, ಬೇಗ ಹೇಳಿದರೆ ತಡೆಹಿಡಿಯಬಹುದು. ಕೋಡ್ ಹಾಗಲ್ಲ. ಫೋಟೋ ತಲುಪಿದ ಕೆಲವೇ ನಿಮಿಷಗಳಲ್ಲಿ ಅದನ್ನು ಬೇರೆ ಖಾತೆಗೆ ಸೇರಿಸಿಕೊಳ್ಳಬಹುದು, ಇಲ್ಲವೇ ಕಡಿಮೆ ಬೆಲೆಗೆ ಇನ್ಯಾರಿಗೋ ಮಾರಬಹುದು, ಪ್ರಪಂಚದ ಯಾವ ಮೂಲೆಯಲ್ಲಿ ಕೂತಾದರೂ.

ಇದರಿಂದ ಒಂದು ಸರಳ ಗುರುತು ಸಿಗುತ್ತದೆ. ನಿಜವಾಗಿ ಉಡುಗೊರೆ ಕೊಡುವವರಿಗೆ ಕಾರ್ಡ್ ಬೇಕು. ಮೋಸಗಾರನಿಗೆ ಕಾರ್ಡ್ ಬೇಡ, ಕೋಡಿನ ಫೋಟೋ ಬೇಕು. "ಪಟ್ಟಿ ಕೆರೆದು ಫೋಟೋ ಕಳಿಸಿ" ಅನ್ನುವ ಮಾತು ಬಂದ ಕ್ಷಣವೇ ಇದು ಮೋಸ ಅನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಉಡುಗೊರೆ ಕೊಡುವ ಮೊದಲೇ ಕಾರ್ಡಿನ ಪಟ್ಟಿಯನ್ನು ಯಾರಾದರೂ ಕೆರೆಯುತ್ತಾರಾ?

ಮೊದಲ ಹೆಜ್ಜೆ: ಹೆಸರು ಬಿಡಿ, ವಿಳಾಸ ನೋಡಿ

ಮೇಲ್ ಕಳಿಸುವಾಗ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಲಕೋಟೆಯ ಹಿಂದೆ "ಇಂದ" ಅಂತ ಬೇರೆಯವರ ಹೆಸರು ಬರೆದ ಹಾಗೆ, ತಡೆಯುವವರು ಯಾರೂ ಇಲ್ಲ. ತೊಂದರೆ ಏನೆಂದರೆ ಫೋನಿನ ಮೇಲ್ ಆ್ಯಪ್‌ಗಳು ಜಾಗ ಉಳಿಸಲು ಹೆಸರನ್ನಷ್ಟೇ ತೋರಿಸುತ್ತವೆ, ವಿಳಾಸವನ್ನು ಮಡಚಿ ಇಡುತ್ತವೆ. ಹಾಗಾಗಿ ಫೋನಿನಲ್ಲಿ ಓದುವವರು ಜಾಸ್ತಿ ಮೋಸ ಹೋಗುತ್ತಾರೆ. ಹೆಸರಿನ ಮೇಲೆ ಅಥವಾ ಅದರ ಪಕ್ಕದ ಸಣ್ಣ ಬಾಣದ ಗುರುತಿನ ಮೇಲೆ ಒತ್ತಿ, ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ.

ಅಲ್ಲಿ ಮೂರು ತರಹದ ಆಟ ಕಾಣಬಹುದು. ತುಂಬಾ ಸಾಮಾನ್ಯವಾದದ್ದು ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಮೇಲ್ ಖಾತೆ. ಆಫೀಸಿನ ವಿಳಾಸವೇ ಅಲ್ಲ, "ಇದು ನನ್ನ ಪರ್ಸನಲ್ ಮೇಲ್" ಅಂತ ಸಬೂಬು ಜೊತೆಗೇ ಬರುತ್ತದೆ. ಎರಡನೆಯದು ನೋಡಲು ಒಂದೇ ತರಹ ಕಾಣುವ ವಿಳಾಸ. ಕೆಳಗಿನ ಎರಡನ್ನು ನಿಧಾನವಾಗಿ ಓದಿ:

```
director@example.com
director@exarnple.com
```

ಎರಡನೆಯದರಲ್ಲಿ `m` ಇಲ್ಲ, `r` ಮತ್ತು `n` ಅಂಟಿಕೊಂಡು ಕೂತಿವೆ. ಸಣ್ಣ ಪರದೆಯಲ್ಲಿ ಕಣ್ಣು ಅದನ್ನು `m` ಅಂತಲೇ ಓದುತ್ತದೆ. `l` ಇರುವ ಕಡೆ `1` ಹಾಕುವುದು, ಕೊನೆಯ `.com` ಬದಲು ಬೇರೆ ಏನೋ ಇಡುವುದು, ಮಧ್ಯೆ ಒಂದು ಗೆರೆ ಸೇರಿಸುವುದು, ಇವೆಲ್ಲ ಇದೇ ಜಾತಿ.

ಮೂರನೆಯದು ಸ್ವಲ್ಪ ಕಷ್ಟದ್ದು. ಬಂದ ವಿಳಾಸ ಸರಿಯಾಗೇ ಕಾಣುತ್ತದೆ, ಆದರೆ ನೀವು ಉತ್ತರಿಸಿದರೆ ಅದು ಹೋಗುವುದು ಬೇರೆ ಕಡೆಗೆ:

```
From: "Director" <director@example.com>
Reply-To: <md.desk@example.net>
```

ಈ `Reply-To` ಅನ್ನುವ ಸಾಲು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ನೋಡುವ ಸುಲಭದ ದಾರಿ ಹೀಗಿದೆ. ರಿಪ್ಲೈ ಒತ್ತಿ, ಏನೂ ಬರೆಯಬೇಡಿ, ಮೇಲೆ `To` ಜಾಗದಲ್ಲಿ ಬಂದಿರುವ ವಿಳಾಸ ಓದಿ. ಅದು ಬಾಸ್ ವಿಳಾಸ ಅಲ್ಲದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಇನ್ನೂ ಒಳಗೆ ನೋಡಬೇಕು ಅನ್ನುವವರು ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕಿಯ ಮೆನುವಿನಲ್ಲಿ `Show original` ಒತ್ತಬಹುದು. ಅಲ್ಲಿ `SPF`, `DKIM`, `DMARC` ಅಂತ, ಕಳಿಸಿದ ವಿಳಾಸವನ್ನು ಪರೀಕ್ಷಿಸಿದ ಫಲಿತಾಂಶದ ಮೂರು ಸಾಲು ಇರುತ್ತದೆ, ಪಕ್ಕದಲ್ಲಿ `PASS` ಅಥವಾ `FAIL`. `FAIL` ಇದ್ದರೆ ಜೋರಾಗಿ ಅನುಮಾನಪಡಿ. ಆದರೆ `PASS` ಇದೆ ಅಂತ ಮೈಮರೆಯಬೇಡಿ, ದಯವಿಟ್ಟು. `PASS` ಅಂದರೆ ಈ ಮೇಲ್ ಆ ವಿಳಾಸದ ಮನೆಯಿಂದಲೇ ಬಂದಿದೆ ಅಂತ ಅಷ್ಟೇ ಅರ್ಥ. ಮೋಸಗಾರ ಹಣ ಕೊಟ್ಟು ಕೊಂಡ `exarnple.com` ತರಹದ ವಿಳಾಸಕ್ಕೂ ಮೂರೂ `PASS` ಬರಬಹುದು.

ವಾಟ್ಸ್ಆ್ಯಪ್‌ನಲ್ಲಿ ಆದರೆ ನೋಡಬೇಕಾದದ್ದು ಬೇರೆ. ಬಾಸ್ ನಂಬರ್ ನಿಮ್ಮ ಹತ್ತಿರ ಮೊದಲೇ ಸೇವ್ ಆಗಿದ್ದರೆ, ಅವರ ನಿಜವಾದ ಮೆಸೇಜ್ ಹಳೆಯ ಚಾಟಿನ ಕೆಳಗೇ ಬಂದು ಕೂರುತ್ತದೆ. ಹೊಸ ಚಾಟ್ ತೆರೆದುಕೊಂಡಿದೆ, ಮೇಲೆ ಹೆಸರಿನ ಬದಲು ನಂಬರ್ ಇದೆ, ಹೆಸರು ಇದ್ದರೂ ಅದರ ಮೊದಲು `~` ಗುರುತು ಇದೆ ಅಂದರೆ ಆ ನಂಬರ್ ನಿಮ್ಮ ಫೋನಿನಲ್ಲಿ ಸೇವ್ ಆಗಿಲ್ಲ, ಆ ಹೆಸರನ್ನು ಅವರೇ ಇಟ್ಟುಕೊಂಡಿದ್ದಾರೆ ಅಂತ ಅರ್ಥ. ಫೋಟೋ ಏನನ್ನೂ ಸಾಬೀತು ಮಾಡುವುದಿಲ್ಲ. ಯಾರ ಫೋಟೋವನ್ನಾದರೂ ಇಳಿಸಿಕೊಂಡು ಡಿಪಿ ಮಾಡಬಹುದು. "ಹಳೇ ಫೋನ್ ಕೆಟ್ಟಿದೆ, ಇದು ಹೊಸ ನಂಬರ್" ಅಂತ ಬಂದರೆ ಹಳೇ ನಂಬರಿಗೆ ಒಂದು ಕಾಲ್ ಮಾಡಿ, ಆಗ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ಏನು ಕೇಳುತ್ತಿದ್ದಾರೆ, ಹೇಗೆ ಕೇಳುತ್ತಿದ್ದಾರೆ

ಕಾಗುಣಿತ ತಪ್ಪಿದ್ದರೆ ಮೋಸ, ಸರಿಯಾಗಿದ್ದರೆ ನಿಜ ಅಂತ ಎಷ್ಟೋ ಜನ ಇನ್ನೂ ನಂಬಿದ್ದಾರೆ. ಅದು ಈಗ ಉಪಯೋಗಕ್ಕೆ ಬರುವುದಿಲ್ಲ. ಮೆಸೇಜ್ ತಪ್ಪಿಲ್ಲದೆ ಬರಬಹುದು. ನಿಜವಾದ ಬಾಸ್‌ಗಳೂ ಅವಸರದಲ್ಲಿ ತಪ್ಪುತಪ್ಪಾಗಿ ಬರೆಯುತ್ತಾರೆ, ಅಲ್ವಾ? ಕೆಳಗೆ `Sent from my iPhone` ಅಂತ ಒಂದು ಸಾಲು ಹಾಕಿಬಿಟ್ಟರೆ ತಪ್ಪುಗಳಿಗೆ ಕಾರಣ ತಾನಾಗೇ ಸಿಕ್ಕಿತು.

ಅದರ ಬದಲು ಮೂರು ಮಾತು ಒಟ್ಟಿಗೆ ಬರುತ್ತಿವೆಯಾ ನೋಡಿ. ಬೇಗ ಮಾಡಿ. ಯಾರಿಗೂ ಹೇಳಬೇಡಿ. ನನಗೆ ಫೋನ್ ಮಾಡಬೇಡಿ. ಬಿಡಿಬಿಡಿಯಾಗಿ ಇವು ಯಾವ ಆಫೀಸಿನಲ್ಲೂ ಕೇಳಿಬರುವ ಮಾತುಗಳೇ. ಅರ್ಜೆಂಟ್ ಕೆಲಸಗಳು ಇರುತ್ತವೆ, ಗುಟ್ಟಿನ ವಿಷಯಗಳೂ ಇರುತ್ತವೆ, ಬಾಸ್ ಮೀಟಿಂಗ್‌ನಲ್ಲೂ ಇರುತ್ತಾರೆ. ಆದರೆ ಮೂರೂ ಒಂದೇ ಚಾಟಿನಲ್ಲಿ, ದುಡ್ಡಿನ ವಿಷಯದ ಸುತ್ತ ಸೇರಿಕೊಂಡರೆ ಅವು ಮೂರೂ ಸೇರಿ ಮಾಡುವ ಕೆಲಸ ಒಂದೇ: ನೀವು ಇನ್ನೊಬ್ಬ ಮನುಷ್ಯನ ಜೊತೆ ಮಾತಾಡದ ಹಾಗೆ ನೋಡಿಕೊಳ್ಳುವುದು. ನಮ್ಮ ಹುಡುಗಿಯ ವಿಷಯದಲ್ಲಿ ಮೋಸ ಮುರಿದದ್ದು ಹೇಗೆ ನೋಡಿ. ಸ್ನೇಹಿತೆ ಏನೂ ತಜ್ಞೆ ಅಲ್ಲ. ಹೊರಗೆ ನಿಂತು ಒಂದು ಪ್ರಶ್ನೆ ಕೇಳಿದಳು, ಅಷ್ಟೇ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಹಾಕಿಕೊಳ್ಳಿ. ಈ ಕೆಲಸ ನನ್ನ ಹತ್ತಿರ ಯಾಕೆ ಬಂತು? ಆಫೀಸಿನ ಖರೀದಿಗೆ ಒಂದು ದಾರಿ ಇರುತ್ತದೆ, ಅದನ್ನು ಮಾಡುವವರು ಒಬ್ಬರು ಇರುತ್ತಾರೆ, ಆಫೀಸಿನ ದುಡ್ಡು ಇರುತ್ತದೆ. ನೂರು ಜನ ಇರುವ ಕಂಪನಿಯ ಮುಖ್ಯಸ್ಥರು ಮೂರು ವಾರದ ಹಿಂದೆ ಸೇರಿದವರ ಸ್ವಂತ ಖಾತೆಯಿಂದ ಗ್ರಾಹಕರಿಗೆ ಉಡುಗೊರೆ ಕೊಡಿಸುತ್ತಾರೆ ಅಂದರೆ, ಮೇಲ್ ವಿಳಾಸ ನೋಡದೆಯೂ ಅದು ಹೊಂದುವುದಿಲ್ಲ ಅಂತ ಹೇಳಬಹುದು.

"ಅಂಗಡಿಯಲ್ಲಿ ಕೇಳಿದರೆ ಮನೆಯವರಿಗೆ ಅಂತ ಹೇಳಿ" ಅಂತಲೋ "ಎಲ್ಲವನ್ನೂ ಒಂದೇ ಕಡೆ ತಗೋಬೇಡಿ, ಎರಡು ಮೂರು ಅಂಗಡಿಗೆ ಹೋಗಿ" ಅಂತಲೋ ಬರೆದಿದ್ದರೆ ಇನ್ನು ಯೋಚಿಸುವುದೇ ಬೇಡ. ಈ ಮೋಸದ ಬಗ್ಗೆ ಗೊತ್ತಿರುವ ಅಂಗಡಿಯವರು ಒಟ್ಟಿಗೆ ಹೆಚ್ಚು ಕಾರ್ಡ್ ಕೊಳ್ಳುವವರನ್ನು ಯಾರಿಗೆ ಅಂತ ವಿಚಾರಿಸುತ್ತಾರೆ. ಆ ಪ್ರಶ್ನೆಗೆ ನಿಮ್ಮ ಬಾಯಲ್ಲಿ ಸುಳ್ಳು ಹೇಳಿಸುವ ಅಗತ್ಯ ನಿಜವಾದ ಬಾಸ್‌ಗೆ ಇರುವುದಿಲ್ಲ.

ಮೂರನೇ ಹೆಜ್ಜೆ: ಬೇರೆ ದಾರಿಯಲ್ಲಿ ಕೇಳಿ ನೋಡಿ

ಇದೊಂದನ್ನು ಸರಿಯಾಗಿ ಮಾಡಿದರೆ ಮೇಲಿನ ಎರಡನ್ನು ಮರೆತರೂ ನಡೆಯುತ್ತದೆ. ಮೆಸೇಜ್ ಯಾವ ದಾರಿಯಲ್ಲಿ ಬಂತೋ ಆ ದಾರಿಯಲ್ಲಿ ವಿಚಾರಿಸಬೇಡಿ. ಆ ಮೆಸೇಜ್ ಬರುವ ಮೊದಲೇ ನಿಮ್ಮ ಹತ್ತಿರ ಇದ್ದ ನಂಬರ್, ಆಫೀಸಿನ ಎಕ್ಸ್‌ಟೆನ್ಷನ್, ಅಥವಾ ಎದ್ದು ನಡೆದು ಹೋಗುವುದು, ಇವು ಮಾತ್ರ ಲೆಕ್ಕಕ್ಕೆ.

"ನೀವು ನಿಜವಾಗಲೂ ಸರ್ ತಾನೇ?" ಅಂತ ಅದೇ ಚಾಟಿನಲ್ಲಿ ಕೇಳುವವರು ಬಹಳ. ಕಳ್ಳನನ್ನೇ ನೀನು ಕಳ್ಳನಾ ಅಂತ ಕೇಳಿದ ಹಾಗೆ. "ಹೌದು, ಬೇಗ ಮಾಡಿ" ಅಂತ ಉತ್ತರ ಬರುತ್ತದೆ, ಜೊತೆಗೆ ಸ್ವಲ್ಪ ಕೋಪವೂ ಬರುತ್ತದೆ. ಮೆಸೇಜ್‌ನ ಕೆಳಗೆ ಬರೆದಿರುವ ನಂಬರಿಗೆ ಫೋನ್ ಮಾಡುವುದೂ ಇದೇ ತಪ್ಪು. ಆ ನಂಬರ್ ಅವನೇ ಬರೆದದ್ದು.

ಫೋನಿನಲ್ಲಿ ಉದ್ದ ಮಾತು ಬೇಕಿಲ್ಲ. "ಸರ್, ಗಿಫ್ಟ್ ಕಾರ್ಡ್ ಬೇಕು ಅಂತ ನಿಮ್ಮ ಹೆಸರಲ್ಲಿ ಮೆಸೇಜ್ ಬಂದಿದೆ. ನೀವೇ ಕಳಿಸಿದ್ದಾ ಅಂತ ಕೇಳೋಣ ಅಂತ ಮಾಡಿದೆ." ಸಾಕು. ಬಾಸ್ ಸಿಗದಿದ್ದರೆ ಅವರ ಸೆಕ್ರೆಟರಿಯನ್ನು ಕೇಳಿ, ಲೆಕ್ಕ ನೋಡುವವರನ್ನು ಕೇಳಿ, ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿ. ಯಾರೂ ಸಿಗದಿದ್ದರೆ ಕಾಯಿರಿ. ಗಿಫ್ಟ್ ಕಾರ್ಡ್ ಎರಡು ಗಂಟೆ ತಡವಾಗಿ ಬಂದರೆ ಯಾವ ವ್ಯವಹಾರವೂ ಮುಳುಗುವುದಿಲ್ಲ.

ವಿಳಾಸ ನೋಡುವುದಕ್ಕಿಂತ ಇದು ಮೇಲು ಅನ್ನುವುದಕ್ಕೆ ಒಂದು ಗಟ್ಟಿ ಕಾರಣ ಇದೆ. ಕೆಲವೊಮ್ಮೆ ಬಾಸ್‌ನ ಖಾತೆಯೇ ಕಳ್ಳರ ಕೈಗೆ ಸಿಕ್ಕಿರುತ್ತದೆ. ಪಾಸ್‌ವರ್ಡ್ ಹೋಗಿರಬಹುದು, ವಾಟ್ಸ್ಆ್ಯಪ್‌ನ ಆರು ಅಂಕಿಯ ಕೋಡನ್ನು ಯಾರಿಗೋ ಹೇಳಿಬಿಟ್ಟಿರಬಹುದು. ಆಗ ಮೆಸೇಜ್ ಸರಿಯಾದ ವಿಳಾಸದಿಂದಲೇ ಬರುತ್ತದೆ, ಹಳೆಯ ಚಾಟಿನಲ್ಲೇ ಬರುತ್ತದೆ, ಎಲ್ಲ ಪರೀಕ್ಷೆಯಲ್ಲೂ `PASS` ಆಗುತ್ತದೆ. ಅದನ್ನು ಹಿಡಿಯುವುದು ನೀವು ಮಾಡುವ ಫೋನ್ ಕಾಲ್ ಒಂದೇ.

ನೀವು ಮಾಡುವ ಕಾಲ್ ಅಂತ ಬೇಕೆಂದೇ ಬರೆದಿದ್ದೇನೆ. ನಿಮಗೆ ಬರುವ ಕಾಲ್ ಬೇರೆ ವಿಷಯ. 2024ರ ಆರಂಭದಲ್ಲಿ ಹಾಂಗ್‌ಕಾಂಗ್ ಪೊಲೀಸರು ಹೊರಗೆ ಹೇಳಿದ ಒಂದು ಪ್ರಕರಣದಲ್ಲಿ, ಗುಟ್ಟಿನ ಪಾವತಿ ಮಾಡಬೇಕು ಅಂತ ಬಂದ ಮೆಸೇಜ್ ನೋಡಿ ಉದ್ಯೋಗಿಗೆ ಅನುಮಾನ ಬಂದಿತ್ತು. ಆಮೇಲೆ ಒಂದು ವಿಡಿಯೋ ಕಾಲ್‌ಗೆ ಕರೆದರು. ಅಲ್ಲಿ ಪರಿಚಯದ ಮೇಲಧಿಕಾರಿಗಳ ಮುಖ, ದನಿ ಎಲ್ಲ ಕಂಡಿತು, ಅನುಮಾನ ಹೋಯಿತು, ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕೂಡ ಹೋಯಿತು. ಆ ಮುಖಗಳೆಲ್ಲ ನಕಲಿ. ಅನುಮಾನ ಬಂದಾಗ ಅವರು ಕರೆದ ಕಡೆ ಹೋಗದೆ, ತನಗೆ ಮೊದಲೇ ಗೊತ್ತಿದ್ದ ನಂಬರಿಗೆ ತಾನೇ ಕಾಲ್ ಮಾಡಿದ್ದರೆ ಆಗ ಎತ್ತುತ್ತಿದ್ದದ್ದು ನಿಜವಾದ ಮನುಷ್ಯ.

ಲೆಕ್ಕ ನೋಡುವವರಿಗೆ ಬರುವುದು ಇದರ ದೊಡ್ಡಣ್ಣ

ಹಣ ಕಳಿಸುವ ಅಧಿಕಾರ ಇರುವವರಿಗೆ ಗಿಫ್ಟ್ ಕಾರ್ಡ್ ಕತೆ ಬರುವುದು ಕಡಿಮೆ. ಅವರಿಗೆ ಬರುವುದು "ಈ ಖಾತೆಗೆ ಇವತ್ತೇ ಪಾವತಿ ಆಗಬೇಕು, ಕಾಗದಪತ್ರ ಆಮೇಲೆ ಕಳಿಸ್ತೀನಿ" ಅನ್ನುವ ಮೇಲ್. ಬೇರೊಂದು ಕಂಪನಿಯನ್ನು ಕೊಳ್ಳುವ ಗುಟ್ಟಿನ ಮಾತುಕತೆ ನಡೀತಿದೆ ಅನ್ನುತ್ತಾರೆ, ಅಥವಾ ಮಾಮೂಲಿ ಸರಕು ಕೊಡುವವರ ಬ್ಯಾಂಕ್ ಖಾತೆ ಬದಲಾಗಿದೆ ಅನ್ನುತ್ತಾರೆ. ಬರುವ ಹೊತ್ತೂ ಲೆಕ್ಕ ಹಾಕಿದ್ದು: ರಜೆಯ ಹಿಂದಿನ ದಿನ ಸಂಜೆ, ಅಥವಾ ಬಾಸ್ ನಿಜವಾಗಿಯೂ ಪ್ರಯಾಣದಲ್ಲಿರುವಾಗ. ಅದು ಅವರಿಗೆ ಹೇಗೆ ಗೊತ್ತು ಅಂದರೆ, "ನಾನು ಇಂಥ ದಿನದವರೆಗೆ ಊರಲ್ಲಿಲ್ಲ" ಅನ್ನುವ ತಾನಾಗಿ ಹೋಗುವ ಉತ್ತರವನ್ನು ಬಾಸ್‌ನ ಮೇಲ್ ಖಾತೆಯೇ ಎಲ್ಲರಿಗೂ ಕಳಿಸುತ್ತಿರುತ್ತದೆ.

ಆಸ್ಟ್ರಿಯಾದಲ್ಲಿ ವಿಮಾನದ ಬಿಡಿಭಾಗ ಮಾಡುವ ಎಫ್‌ಎಸಿಸಿ ಅನ್ನುವ ಕಂಪನಿ 2016ರಲ್ಲಿ ಹೀಗೇ ಸಿಕ್ಕಿಬಿತ್ತು. ಮುಖ್ಯಸ್ಥರ ಹೆಸರಿನಲ್ಲಿ ಬಂದ ನಕಲಿ ಮೇಲ್ ನಂಬಿ ಹಣ ಕಳಿಸಿದರು, ನಷ್ಟ 4 ಕೋಟಿ ಯೂರೋಗೂ ಹೆಚ್ಚು. ಅದೇ ವರ್ಷ ಮುಖ್ಯಸ್ಥರು ಕೆಲಸ ಕಳೆದುಕೊಂಡರು.

ಇದಕ್ಕೆ ಒಬ್ಬರ ಎಚ್ಚರ ಸಾಲದು. ಖಾತೆ ನಂಬರ್ ಬದಲಾಯಿಸಿ ಅಂತ ಬಂದರೆ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಒಂದು ಮೊತ್ತ ದಾಟಿದ ಮೇಲೆ ಇಬ್ಬರು ಒಪ್ಪಿದರೆ ಮಾತ್ರ ಹಣ ಹೋಗಬೇಕು, ಆ ನಿಯಮದಿಂದ ಬಾಸ್‌ಗೂ ವಿನಾಯಿತಿ ಇರಬಾರದು. ಈ ಮೋಸ ನುಸುಳುವುದೇ ವಿನಾಯಿತಿಯ ಬಾಗಿಲಿನಿಂದ.

ಆಗಲೇ ಕಳಿಸಿಬಿಟ್ಟಿದ್ದರೆ

ಮೊದಲು ಚಾಟ್ ಡಿಲೀಟ್ ಮಾಡಬೇಡಿ. ನಾಚಿಕೆಯಿಂದ ಎಷ್ಟೋ ಜನ ಮೊದಲು ಮಾಡುವುದು ಅದನ್ನೇ, ಆಮೇಲೆ ತೋರಿಸೋಕೆ ಏನೂ ಇರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯಿರಿ, ನಂಬರ್ ಮತ್ತು ವಿಳಾಸ ಕಾಣುವ ಹಾಗೆ. ಕೆರೆದ ಕಾರ್ಡುಗಳನ್ನೂ ಅಂಗಡಿಯ ಬಿಲ್ಲನ್ನೂ ಎಸೆಯಬೇಡಿ.

ಆಮೇಲೆ ಕಾರ್ಡ್ ಹೊರಡಿಸಿದ ಕಂಪನಿಗೆ ಫೋನ್ ಮಾಡಿ. ನಂಬರನ್ನು ಕಾರ್ಡಿನ ಹಿಂಬದಿಯಲ್ಲಿ ಅಥವಾ ಅವರದೇ ವೆಬ್‌ಸೈಟಿನಲ್ಲಿ ನೋಡಿ, ಸುಮ್ನೆ ಆನ್‌ಲೈನ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಮಾಡಬೇಡಿ, ಅಲ್ಲಿ ನಕಲಿ ಸಹಾಯವಾಣಿಗಳೂ ಕೂತಿರುತ್ತವೆ. ಮೋಸದಿಂದ ಕೋಡ್ ಪಡೆದಿದ್ದಾರೆ, ಉಳಿದಿರುವ ಹಣ ತಡೆಹಿಡಿಯಿರಿ ಅಂತ ಕೇಳಿ, ಕಾರ್ಡ್ ನಂಬರ್ ಮತ್ತು ಬಿಲ್ಲಿನ ವಿವರ ಕೊಡಿ. ಖರ್ಚಾಗಿ ಹೋಗಿದ್ದರೆ ವಾಪಸ್ ಬರುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಐದರಲ್ಲಿ ಒಂದೆರಡು ಇನ್ನೂ ಬಳಕೆಯಾಗದೆ ಉಳಿದಿರಬಹುದು. ನಮ್ಮ ಹುಡುಗಿಗೆ ಹಾಗೆ ಒಂದು ಕಾರ್ಡಿನ ಹಣ ಉಳಿಯಿತು, ನಾಲ್ಕು ಹೋದವು.

ಬ್ಯಾಂಕ್ ಖಾತೆಗೆ ಹಣ ಕಳಿಸಿದ್ದರೆ ಬ್ಯಾಂಕಿಗೆ ತಕ್ಷಣ ಹೇಳಿ. ಬೆಳಿಗ್ಗೆ ನೋಡೋಣ ಅಂತ ಬಿಡಬೇಡಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ, ಪ್ರತಿ ಗಂಟೆಗೂ ಅದು ದೂರ ಹೋಗುತ್ತದೆ. ಪೊಲೀಸರ ಸೈಬರ್ ವಿಭಾಗಕ್ಕೂ ದೂರು ಕೊಡಿ. ಆಫೀಸಿನಲ್ಲಿ ಮೇಲ್ ನೋಡಿಕೊಳ್ಳುವವರಿಗೂ ಹೇಳಿ. ಇದೇ ಮೆಸೇಜ್ ಆ ಹೊತ್ತಿಗೆ ಇನ್ನೂ ಹತ್ತು ಜನರಿಗೆ ಹೋಗಿರುವ ಸಾಧ್ಯತೆ ಇದೆ, ನೀವು ಬಾಯಿ ಬಿಟ್ಟರೆ ಅವರಲ್ಲಿ ಕೆಲವರು ಉಳಿಯುತ್ತಾರೆ.

ಇನ್ನೆರಡು ವಿಷಯ. ಒಂದು ಸಲ ಕೊಟ್ಟವರ ಹತ್ತಿರ ಅವರು ಮತ್ತೆ ಬರುತ್ತಾರೆ. "ಎರಡನೇ ಕಾರ್ಡ್ ಕೆಲಸ ಮಾಡ್ತಿಲ್ಲ, ಇನ್ನೊಂದು ತಗೊಳ್ಳಿ" ಅಂತಾರೆ. ಕಾರ್ಡ್ ಸರಿಯಾಗೇ ಇರುತ್ತದೆ, ಅದು ಇನ್ನೊಂದು ಕಿತ್ತುಕೊಳ್ಳುವ ದಾರಿ. ಕೆಲವು ವಾರ ಬಿಟ್ಟು "ನಿಮ್ಮ ಕಳೆದುಹೋದ ಹಣ ವಾಪಸ್ ಕೊಡಿಸ್ತೀವಿ, ಮೊದಲು ಸ್ವಲ್ಪ ಶುಲ್ಕ ಕಟ್ಟಿ" ಅಂತ ಬೇರೆ ಹೆಸರಿನಲ್ಲಿ ಫೋನ್ ಬರಬಹುದು. ಅದೂ ಮೋಸವೇ. ಮೋಸ ಹೋದವರ ಪಟ್ಟಿ ಕಳ್ಳರ ನಡುವೆ ಕೈ ಬದಲಾಗುತ್ತದೆ.

ನೀವೇ ಬಾಸ್ ಆಗಿದ್ದರೆ

ಈ ಮೋಸ ನಡೆಯುವುದು ನಿಮ್ಮ ಮೇಲಿನ ಹೆದರಿಕೆಯಿಂದ. ಅವಳನ್ನು ನಾನು ಕೇಳಿದೆ, ಇಪ್ಪತ್ತು ಹೆಜ್ಜೆ ಅಲ್ವಾ, ಯಾಕೆ ಹೋಗಿ ಕೇಳಲಿಲ್ಲ ಅಂತ. "ಮೀಟಿಂಗ್‌ನಲ್ಲಿದ್ದೀನಿ ಅಂದಿದ್ರಲ್ಲ, ಮಧ್ಯೆ ಹೋದರೆ ಬೈತಾರೇನೋ ಅಂತ" ಅಂದಳು. ನನಗೆ ತುಂಬಾ ಬೇಜಾರಾಯಿತು, ಅವಳ ಮೇಲೆ ಅಲ್ಲ.

ನಮ್ಮ ಡೈರೆಕ್ಟರ್‌ಗೆ ಈ ಮಾತು ಹಾಗೇ ಹೇಳಿದೆ. ಅವರು ಅವತ್ತೇ ಎಲ್ಲರನ್ನೂ ಕರೆದು ಹೇಳಿದರು: ನಾನು ಯಾವತ್ತೂ ಮೆಸೇಜ್‌ನಲ್ಲಿ ಗಿಫ್ಟ್ ಕಾರ್ಡ್ ಕೇಳುವುದಿಲ್ಲ, ನಿಮ್ಮ ಸ್ವಂತ ದುಡ್ಡು ಹಾಕಿ ಅಂತ ಹೇಳುವುದಿಲ್ಲ, ನನ್ನ ಹೆಸರಿನಲ್ಲಿ ದುಡ್ಡಿನ ಮಾತು ಬಂದರೆ ಯಾವ ಮೀಟಿಂಗ್ ಇದ್ದರೂ ಬಾಗಿಲು ತಟ್ಟಿ. ಈಗ ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಇದನ್ನು ಅವರೇ ಬಾಯಿಬಿಟ್ಟು ಹೇಳುತ್ತಾರೆ, ತಮ್ಮ ನಂಬರನ್ನೂ ತಾವೇ ಸೇವ್ ಮಾಡಿಸುತ್ತಾರೆ.

ಎರಡು ತಿಂಗಳ ಮೇಲೆ ಇನ್ನೊಬ್ಬ ಹೊಸ ಹುಡುಗನಿಗೆ ಅದೇ ತರಹದ ಮೆಸೇಜ್ ಬಂತು. ಅವನು ಎದ್ದು ಹೋಗಿ ಬಾಗಿಲು ತಟ್ಟಿದ. ಒಳಗೆ ನಿಜವಾಗಿಯೂ ಮೀಟಿಂಗ್ ನಡೆಯುತ್ತಿತ್ತು. ಡೈರೆಕ್ಟರ್ ಅವನ ಫೋನ್ ತಗೊಂಡು ಮೆಸೇಜ್ ಓದಿ, "ನಾನಲ್ಲ. ಕೇಳಿದ್ದು ಒಳ್ಳೇದಾಯ್ತು" ಅಂದು, ಮೀಟಿಂಗ್‌ನಲ್ಲಿ ಕೂತಿದ್ದವರಿಗೆಲ್ಲ ಅದನ್ನು ತೋರಿಸಿದರು.